ಠೇವಣಿ ಮುರಿಯದೆ ಸಾಲದಲ್ಲಿ ಕಾರು ಕೊಂಡರೆ ಲಾಭವೇ?

ಪ್ರಶ್ನೆ: ನಾವು ಮನೆಯಲ್ಲಿ ನಾಲ್ಕು ಜನ. ಎಲ್ಲ ಖರ್ಚು ಸೇರಿ 10 ಲಕ್ಷ ಆಗುವ ಕಾರೊಂದನ್ನು ನೋಡಿಟ್ಟಿದ್ದೇವೆ. ಅಷ್ಟೇ ಹಣ ಶೇ. 6ರ ಬಡ್ಡಿಗೆ ಠೇವಣಿಯಲ್ಲಿದೆ. ಅದು ಬಿಟ್ಟರೆ ಬೇರೆ ಉಳಿತಾಯ ಇಲ್ಲ. ನನ್ನದು ಸಂಬಳದ ಕೆಲಸ. ನಮ್ಮ ಯಜಮಾನರದು ವ್ಯಾಪಾರ, ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಮನೆ ಖರ್ಚು ತಿಂಗಳಿಗೆ 50 ಸಾವಿರ, ಅದು ಕಳೆದು 20 ಸಾವಿರದಷ್ಟು ಉಳಿಯುತ್ತದೆ. ಅಣ್ಣ "ಸಾಲದ ಸಹವಾಸ ಬೇಡ, ನಗದು ಕೊಟ್ಟುಬಿಡು" ಅನ್ನುತ್ತಾನೆ. ಶೋರೂಮಿನವರು "3 ಲಕ್ಷ ಮುಂಗಡ ಕಟ್ಟಿ, ಉಳಿದ 7 ಲಕ್ಷಕ್ಕೆ ಶೇ. 10ರಂತೆ ಐದು ವರ್ಷದ ಸಾಲ ತಗೊಳ್ಳಿ. ಸಾಲಕ್ಕೆ ನೀವು ಕಟ್ಟುವ ಬಡ್ಡಿ 1.92 ಲಕ್ಷ, ನಿಮ್ಮ 7 ಲಕ್ಷ ಠೇವಣಿಗೆ ಬರುವ ಬಡ್ಡಿ 2.44 ಲಕ್ಷ. ನಿಮಗೇ ಲಾಭ" ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಆಫೀಸಿನ ಗೆಳತಿ ಲೀಸ್ ಒಳ್ಳೆಯದು ಅನ್ನುತ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ಚೀಟಿಯ ವಿಷಯ ಮುಗಿಸೋಣ. ಅದರಲ್ಲಿರುವ ಎರಡೂ ಅಂಕಿ ಸರಿಯಾಗಿವೆ. 7 ಲಕ್ಷಕ್ಕೆ ಶೇ. 10ರಂತೆ 60 ತಿಂಗಳ ಸಾಲ ಮಾಡಿದರೆ ಕಂತು 14,873 ಬರುತ್ತದೆ, ಒಟ್ಟು ಬಡ್ಡಿ 1.92 ಲಕ್ಷವೇ ಆಗುತ್ತದೆ. 7 ಲಕ್ಷವನ್ನು ಶೇ. 6ರಲ್ಲಿ ಐದು ವರ್ಷ ಮುಟ್ಟದೆ ಬಿಟ್ಟರೆ, ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸುವ ಲೆಕ್ಕದಲ್ಲಿ 2.44 ಲಕ್ಷ ಬಡ್ಡಿ ಬರುವುದೂ ನಿಜ. ಆದರೂ ಅದು ಲಾಭವಲ್ಲ. ವಾಹನ ಸಾಲದ ವಿಭಾಗದಲ್ಲಿ ಕೆಲಸ ಮಾಡುವಾಗಲೂ, ಈಗ ಕುಟುಂಬಗಳಿಗೆ ಹಣಕಾಸಿನ ಸಲಹೆ ಕೊಡುವಾಗಲೂ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಲೆಕ್ಕ ಇದೇ. ಓದಿದವರು, ಲೆಕ್ಕದಲ್ಲಿ ಚುರುಕಾದವರೂ ಇದನ್ನು ನಂಬುತ್ತಾರೆ, ಏಕೆಂದರೆ ಶೇ. 10ಕ್ಕೆ ಸಾಲ ತಂದು ಶೇ. 6ಕ್ಕೆ ಇಟ್ಟು ಲಾಭ ಮಾಡುವುದು ಅಸಾಧ್ಯ ಎಂದು ಅನ್ನಿಸುತ್ತಿದ್ದರೂ ಚೀಟಿಯಲ್ಲಿ ತಪ್ಪು ಎಲ್ಲಿದೆ ಎಂದು ಕಾಣುವುದಿಲ್ಲ.

ತಪ್ಪು ಇರುವುದು ಇಲ್ಲಿ. ಠೇವಣಿಯ 7 ಲಕ್ಷ ಐದು ವರ್ಷವೂ ಪೂರ್ತಿ ಹಾಗೇ ಇದ್ದು ಬೆಳೆಯುತ್ತದೆ. ಸಾಲದ 7 ಲಕ್ಷ ಹಾಗಲ್ಲ, ತಿಂಗಳು ತಿಂಗಳು ಕರಗುತ್ತದೆ. ಮೊದಲ ತಿಂಗಳ ಕಂತಿನಲ್ಲಿ 5,833 ಬಡ್ಡಿಗೆ ಹೋಗಿ 9,040 ಅಸಲಿಗೆ ಹೋಗುತ್ತದೆ. ಅಸಲು ಇಳಿದಂತೆ ಬಡ್ಡಿ ಇಳಿಯುತ್ತಾ ಹೋಗಿ, ಕೊನೆಯ ಕಂತಿನಲ್ಲಿ ಅದು 120ರ ಆಸುಪಾಸಿಗೆ ಬಂದಿರುತ್ತದೆ. ಅಂದರೆ ಐದು ವರ್ಷ ಪೂರ್ತಿ ನಿಮ್ಮ ಬಳಿ 7 ಲಕ್ಷದ ಸಾಲ ಇರುವುದಿಲ್ಲ, ಸರಾಸರಿ ನೋಡಿದರೆ ಅದರ ಅರ್ಧದ ಮೇಲೆ ಸ್ವಲ್ಪ ಇರುತ್ತದೆ. ಒಂದು ಕಡೆ ಪೂರ್ತಿ ಮೊತ್ತದ ಬಡ್ಡಿ, ಇನ್ನೊಂದು ಕಡೆ ಕರಗುವ ಮೊತ್ತದ ಬಡ್ಡಿ. ಇವೆರಡನ್ನು ಅಕ್ಕಪಕ್ಕ ಬರೆದು ಹೋಲಿಸಿದರೆ ನಷ್ಟದ ಸಾಲವೂ ಲಾಭದಂತೆ ಕಾಣಿಸಬಹುದು.

ಇದನ್ನು ಪರೀಕ್ಷಿಸುವ ಸುಲಭ ದಾರಿ ಒಂದಿದೆ. ಕಂತನ್ನು ಸಂಬಳದಿಂದ ಕಟ್ಟದೆ ಆ 7 ಲಕ್ಷದ ಠೇವಣಿಯಿಂದಲೇ ತೆಗೆದು ಕಟ್ಟುತ್ತಾ ಹೋಗಿ. ಲಾಭ ನಿಜವಾಗಿದ್ದರೆ 60 ಕಂತು ಮುಗಿದ ಮೇಲೂ ಠೇವಣಿಯಲ್ಲಿ ಒಂದಿಷ್ಟು ಉಳಿಯಬೇಕು. ಉಳಿಯುವುದಿಲ್ಲ. 53 ಕಂತು ಕಟ್ಟುವಷ್ಟು ಹಣ ಬರುತ್ತದೆ, 54ನೆಯದಕ್ಕೆ ಸ್ವಲ್ಪ ಸಾಲದು, ಆಮೇಲೆ ಇನ್ನೂ ಆರು ಕಂತು ಬಾಕಿ. ಚೀಟಿಯ ಲೆಕ್ಕದಲ್ಲಿ ಠೇವಣಿ ಬೆಳೆದದ್ದು ನಿಮ್ಮ ಸಂಬಳ ಪ್ರತಿ ತಿಂಗಳೂ ಕಂತನ್ನು ಹೊತ್ತದ್ದರಿಂದ. ಆ ಸಂಬಳದ ಹಣಕ್ಕೂ ಬೆಲೆಯಿದೆ, ಚೀಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಈಗ ಸರಿಯಾದ ಹೋಲಿಕೆ ಮಾಡೋಣ. ನಿಮ್ಮಂಥದ್ದೇ ಎರಡು ಮನೆ ಅಂದುಕೊಳ್ಳಿ. ಒಂದು ಮನೆಯವರು ಶೋರೂಮಿನವರು ಹೇಳಿದಂತೆ 7 ಲಕ್ಷ ಠೇವಣಿ ಉಳಿಸಿಕೊಂಡು ಸಾಲ ತೆಗೆದರು. ಐದು ವರ್ಷಕ್ಕೆ ಅವರ ಠೇವಣಿ 9.44 ಲಕ್ಷ ಆಯಿತು, ಸಾಲವೂ ತೀರಿತು. ಇನ್ನೊಂದು ಮನೆಯವರು ಪೂರ್ತಿ ನಗದು ಕೊಟ್ಟು, ಕಟ್ಟಬೇಕಿಲ್ಲದ ಅದೇ 14,873ನ್ನು ಪ್ರತಿ ತಿಂಗಳು ಶೇ. 6ರಲ್ಲಿ ಕೂಡಿಟ್ಟರು. ಐದು ವರ್ಷಕ್ಕೆ ಅವರ ಕೈಯಲ್ಲಿ 10.38 ಲಕ್ಷ. ಕಾರು ಇಬ್ಬರದೂ ಒಂದೇ. ನಗದು ಕೊಟ್ಟವರು ಸುಮಾರು 93 ಸಾವಿರ ಮುಂದಿದ್ದಾರೆ. ಠೇವಣಿಯ ಬಡ್ಡಿಗೆ ತೆರಿಗೆ ಇದ್ದರೆ ಈ ಅಂತರ ಇನ್ನೂ ಹಿಗ್ಗುತ್ತದೆ, ಸಾಲಕ್ಕೆ ಪ್ರೊಸೆಸಿಂಗ್ ಶುಲ್ಕ ಹಾಕಿದರೆ ಮತ್ತೂ ಸ್ವಲ್ಪ.

ಹಾಗಾದರೆ ನಿಮ್ಮ ಅಣ್ಣನ ಮಾತೇ ಸರಿ ಎಂದು ಅನ್ನಿಸಬಹುದು. ಅಂಕಿಯ ಮಟ್ಟಿಗೆ ಸರಿ. ಆದರೆ ಎರಡನೆಯ ಮನೆಯವರ ಮೊದಲ ವರ್ಷ ಹೇಗಿತ್ತು ನೋಡಿ. ಕಾರಿನ ಕೀಲಿ ಕೈಗೆ ಬಂದ ದಿನ ಅವರ ಬಳಿ ಉಳಿದದ್ದು ಸೊನ್ನೆ. ಆರು ತಿಂಗಳ ಹೊತ್ತಿಗೆ ಕೂಡಿದ್ದು 90 ಸಾವಿರ ಚಿಲ್ಲರೆ, ಅಂದರೆ ಎರಡು ತಿಂಗಳ ಮನೆ ಖರ್ಚಿಗೂ ಸಾಲದು. ಆ ಹೊತ್ತಿನಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕಾಗಿ ಬಂದರೆ, ಅಥವಾ ವ್ಯಾಪಾರ ಮೂರು ತಿಂಗಳು ಮಂಕಾದರೆ, ಅವರು ವೈಯಕ್ತಿಕ ಸಾಲಕ್ಕೋ ಕ್ರೆಡಿಟ್ ಕಾರ್ಡಿಗೋ ಕೈಚಾಚಬೇಕು. ಆ ಸಾಲಗಳ ಬಡ್ಡಿ ಕಾರಿನ ಸಾಲದ ಬಡ್ಡಿಗಿಂತ ಬಹಳ ಹೆಚ್ಚು. ಕಾರನ್ನೇ ಮಾರೋಣವೆಂದರೆ ಅವಸರದ ಮಾರಾಟಕ್ಕೆ ಸಿಗುವ ಬೆಲೆ ನೆನೆದರೇ ಬೇಸರವಾಗುತ್ತದೆ. ಇನ್ನೊಂದು ವಿಷಯವನ್ನೂ ಹೇಳಬೇಕು. ನಗದು ಕೊಟ್ಟವರು 93 ಸಾವಿರ ಮುಂದೆ ಬರುವುದು ಪ್ರತಿ ತಿಂಗಳೂ ತಪ್ಪದೆ ಕೂಡಿಟ್ಟರೆ ಮಾತ್ರ. ಕಂತು ಕಟ್ಟು ಎಂದು ಬ್ಯಾಂಕು ಒತ್ತಾಯಿಸುತ್ತದೆ, ಕೂಡಿಡು ಎಂದು ಯಾರೂ ಒತ್ತಾಯಿಸುವುದಿಲ್ಲ. ಸಂಬಳ ಬಂದ ದಿನವೇ ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಮಾಡಿಕೊಳ್ಳದವರಲ್ಲಿ ಆ ಹಣ ಸದ್ದಿಲ್ಲದೆ ಖರ್ಚಾಗಿ ಹೋಗುವುದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ಹೀಗೆ ನೋಡಿದಾಗ ಆ 93 ಸಾವಿರ ಏನೆಂದು ಗೊತ್ತಾಗುತ್ತದೆ. 7 ಲಕ್ಷವನ್ನು ಕೈಗೆ ಸಿಗುವಂತೆ ಇಟ್ಟುಕೊಂಡದ್ದಕ್ಕೆ ಐದು ವರ್ಷದಲ್ಲಿ ತೆತ್ತ ಬಾಡಿಗೆ ಅದು. ನಿಮ್ಮ ಮನೆ ತೀರ್ಮಾನಿಸಬೇಕಾದದ್ದು ಎರಡೇ: ಕೈಯಲ್ಲಿ ಎಷ್ಟು ಹಣ ಇರಲೇಬೇಕು, ಅಷ್ಟಕ್ಕೆ ಬಾಡಿಗೆ ಎಷ್ಟು.

ಮೊದಲನೆಯದಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ. ಒಂದು ಆದಾಯ ಖಚಿತ, ಇನ್ನೊಂದು ಏರಿಳಿತದ್ದು. ಇಂಥ ಮನೆಯಲ್ಲಿ ಆರು ತಿಂಗಳ ಖರ್ಚು ಕೈಯಲ್ಲಿರಲಿ ಎಂದು ನಾನು ಹೇಳುತ್ತೇನೆ. ತಿಂಗಳಿಗೆ 50 ಸಾವಿರದಂತೆ 3 ಲಕ್ಷವಾಯಿತು. ನಿಮಗೆ ಉಳಿಸಿಕೊಳ್ಳಬೇಕಾದ್ದು 3 ಲಕ್ಷ, 7 ಲಕ್ಷವಲ್ಲ. ಹಾಗಾಗಿ ಶೋರೂಮಿನ ಲೆಕ್ಕವನ್ನು ತಿರುಗಿಸಿ. 7 ಲಕ್ಷ ನೀವು ಕೊಡಿ, 3 ಲಕ್ಷ ಸಾಲ ಮಾಡಿ. ಮೂರು ವರ್ಷಕ್ಕೆ ತೆಗೆದರೆ ಕಂತು 9,680. ಮೂರು ವರ್ಷದ ಒಟ್ಟು ಬಡ್ಡಿ 48 ಸಾವಿರದ ಮೇಲೆ ಸ್ವಲ್ಪ. ಮೇಲಿನಂತೆಯೇ ಎರಡು ಮನೆಗಳನ್ನು ಹೋಲಿಸಿದರೆ ಮೂರು ವರ್ಷದ ಕೊನೆಗೆ ಅಂತರ ಸುಮಾರು 22 ಸಾವಿರ, ತಿಂಗಳಿಗೆ 600ರಷ್ಟು. ಆರು ತಿಂಗಳ ಮನೆ ಖರ್ಚು ಕೈಯಲ್ಲಿರುವ ನೆಮ್ಮದಿಗೆ ತಿಂಗಳಿಗೆ 600 ಕೊಡುವುದು ನನಗೆ ದುಬಾರಿ ಎನ್ನಿಸುವುದಿಲ್ಲ. ಅದೇ ನೆಮ್ಮದಿಗೆ 7 ಲಕ್ಷದ ಬಾಡಿಗೆ ಕೊಡುವುದು ಮಾತ್ರ ಅನಗತ್ಯ.

ಅವಧಿಯ ಬಗ್ಗೆ ಒಂದು ಸೂಕ್ಷ್ಮವಿದೆ. ನಿಮಗೆ ತಿಂಗಳಿಗೆ ಉಳಿಯುವುದು 20 ಸಾವಿರ, ಆದರೆ ಕಾರು ಬಂದ ಮೇಲೆ ಇಂಧನ, ವಿಮೆ, ಸರ್ವಿಸ್, ಟೈರು ಎಲ್ಲವೂ ಅದರಿಂದಲೇ ಹೋಗಬೇಕು. ವ್ಯಾಪಾರ ಬಿದ್ದ ತಿಂಗಳು 9,680 ಭಾರವೆನಿಸಬಹುದು. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡವಿಲ್ಲ ಎಂದು ಕರಾರಿನಲ್ಲಿ ಬರೆದಿದ್ದರೆ, ಐದು ವರ್ಷಕ್ಕೇ ಸಾಲ ತೆಗೆದು (ಕಂತು 6,374) ಒಳ್ಳೆಯ ತಿಂಗಳುಗಳಲ್ಲಿ ಹೆಚ್ಚಿಗೆ ಕಟ್ಟಿ ಮೂರು ವರ್ಷದಲ್ಲಿ ಮುಗಿಸುವುದು ನಿಮ್ಮಂಥ ಮನೆಗೆ ಹೆಚ್ಚು ಹೊಂದುತ್ತದೆ. ಹೆಚ್ಚಿಗೆ ಕಟ್ಟಿದ್ದು ಅಸಲಿಗೆ ಜಮೆಯಾಗಿದೆಯೇ ಎಂದು ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ನೋಡಿಕೊಳ್ಳಿ. ಕೆಲವು ಕಡೆ ಅದನ್ನು ಮುಂದಿನ ಕಂತಿನ ಮುಂಗಡ ಎಂದು ಸುಮ್ಮನೆ ಇಟ್ಟುಕೊಂಡಿರುತ್ತಾರೆ, ಆಗ ಬಡ್ಡಿ ಒಂದು ಪೈಸೆಯೂ ಇಳಿಯುವುದಿಲ್ಲ. ದಂಡವಿದ್ದರೆ ಮೂರು ಅಥವಾ ನಾಲ್ಕು ವರ್ಷಕ್ಕೆ ನಿಲ್ಲಿಸಿ.

ಇದಕ್ಕಿಂತ ಉದ್ದಕ್ಕೆ ಹೋಗುವುದು ಬೇಡ ಎನ್ನಲು ಕಾರಣ ಬಡ್ಡಿಯೊಂದೇ ಅಲ್ಲ. ಮುಂಗಡ ಕಡಿಮೆ ಮಾಡಿ, ಅವಧಿ ಉದ್ದ ಮಾಡಿದಾಗ ಕಾರಿನ ಬೆಲೆ ಸಾಲಕ್ಕಿಂತ ಬೇಗ ಇಳಿಯುತ್ತದೆ. ಇದೇ ಕಾರಿಗೆ 1 ಲಕ್ಷ ಕಟ್ಟಿ 9 ಲಕ್ಷವನ್ನು ಏಳು ವರ್ಷಕ್ಕೆ ತೆಗೆದರೆ ಕಂತು 14,941 ಮಾತ್ರ, ಕೇಳಲು ಹಿತವಾಗಿದೆ. ಎರಡು ವರ್ಷದಲ್ಲಿ 3.59 ಲಕ್ಷ ಕಟ್ಟಿರುತ್ತೀರಿ, ಆದರೂ ಇನ್ನೂ 7.03 ಲಕ್ಷ ಬಾಕಿ ಇರುತ್ತದೆ. ಆ ಹೊತ್ತಿಗೆ ಕಾರಿಗೆ 6.5 ಲಕ್ಷ ಬೆಲೆ ಬಂದರೆ, ಮಾರಿ ಸಾಲ ತೀರಿಸಲು ಕೈಯಿಂದ 53 ಸಾವಿರ ಸೇರಿಸಬೇಕು. ಅಪಘಾತದಲ್ಲಿ ಕಾರು ಪೂರ್ತಿ ನಾಶವಾದರೂ ಇದೇ ಪಾಡು. ಸಾಮಾನ್ಯ ವಿಮೆ ಕೊಡುವುದು ಆ ವರ್ಷದ ಪಾಲಿಸಿಯಲ್ಲಿ ನಮೂದಾದ ಕಾರಿನ ಬೆಲೆಯನ್ನು, ಸಾಲದ ಬಾಕಿಯನ್ನಲ್ಲ. ಕಾರು ಹೋಗಿರುತ್ತದೆ, ಕಂತು ಉಳಿದಿರುತ್ತದೆ. ನಿಮ್ಮಂತೆ 7 ಲಕ್ಷ ಕೈಯಿಂದ ಹಾಕಿದವರಿಗೆ ಈ ಅಪಾಯ ಹತ್ತಿರಕ್ಕೂ ಬರುವುದಿಲ್ಲ.

ಇನ್ನು ಬಡ್ಡಿದರ. ಶೇ. 10 ಎಂದರು ಸರಿ, ಯಾವ ಶೇ. 10 ಎಂದು ಕೇಳಿ. ನಾನು ಮೇಲೆ ಲೆಕ್ಕ ಹಾಕಿದ್ದು ಇಳಿಯುವ ಬಾಕಿಯ ಮೇಲಿನ ಬಡ್ಡಿ, ಅಂದರೆ ರೆಡ್ಯೂಸಿಂಗ್ ಬ್ಯಾಲೆನ್ಸ್. ಫ್ಲ್ಯಾಟ್ ರೇಟ್ ಎಂಬ ಇನ್ನೊಂದು ಪದ್ಧತಿಯಲ್ಲಿ ನೀವು ಎಷ್ಟು ತೀರಿಸಿದರೂ ಮೊದಲಿನ ಪೂರ್ತಿ ಅಸಲಿಗೇ ಕೊನೆಯವರೆಗೂ ಬಡ್ಡಿ ಹಾಕುತ್ತಾರೆ. 7 ಲಕ್ಷಕ್ಕೆ ಐದು ವರ್ಷ ಶೇ. 10 ಫ್ಲ್ಯಾಟ್ ಅಂದರೆ ಬಡ್ಡಿ 3.5 ಲಕ್ಷ, ಕಂತು 17,500. ಇದು ಇಳಿಯುವ ಬಾಕಿಯ ಲೆಕ್ಕದಲ್ಲಿ ಶೇ. 17ನ್ನೂ ಮೀರುತ್ತದೆ. "ಶೇ. 6 ಮಾತ್ರ" ಎಂಬ ಫ್ಲ್ಯಾಟ್ ಸಾಲದ ಕಂತು 15,167 ಆಗುತ್ತದೆ, ನಿಮಗೆ ಹೇಳಿದ ಶೇ. 10ರ ಕಂತಿಗಿಂತ ಹೆಚ್ಚು. ಪದ್ಧತಿಯ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಸಾಲದ ಮೊತ್ತ, ಕಂತು, ತಿಂಗಳುಗಳ ಸಂಖ್ಯೆ ಈ ಮೂರನ್ನು ಬರೆದುಕೊಂಡು ಎರಡು ಕಡೆಯದನ್ನು ಹೋಲಿಸಿ. ಅದೇ ಮೊತ್ತ, ಅದೇ ಅವಧಿಗೆ ಕಂತು ಕಡಿಮೆ ಇರುವುದೇ ಅಗ್ಗದ ಸಾಲ. ಶುಲ್ಕವನ್ನು ಮಾತ್ರ ಬೇರೆಯಾಗಿ ಸೇರಿಸಿಕೊಳ್ಳಿ.

ಸೊನ್ನೆ ಬಡ್ಡಿಯ ಆಫರ್ ಬಂದರೂ ಇದೇ ಎಚ್ಚರ ಇರಲಿ. "ಇವತ್ತೇ ಪೂರ್ತಿ ನಗದು ಕೊಟ್ಟರೆ ಬೆಲೆ ಎಷ್ಟು?" ಎಂದು ಕೇಳಿ ನೋಡಿ. ನಗದಿಗೆ 60 ಸಾವಿರ ಕಡಿತ, 6 ಲಕ್ಷದ ಸೊನ್ನೆ ಬಡ್ಡಿ ಸಾಲಕ್ಕೆ ಕಡಿತವಿಲ್ಲ ಎಂದರೆ, ನೀವು ನಿಜವಾಗಿ ಪಡೆದದ್ದು 5.4 ಲಕ್ಷದ ಸಾಲ. ಮೂರು ವರ್ಷಕ್ಕೆ ಅದರ ಬಡ್ಡಿದರ ಶೇ. 7ರ ಹತ್ತಿರ ಬರುತ್ತದೆ. ಕೆಟ್ಟ ದರವೇನಲ್ಲ, ಆದರೆ ಸೊನ್ನೆಯೂ ಅಲ್ಲ. ಎರಡೂ ಕಡೆ ಬೆಲೆ ಒಂದೇ ಇದ್ದು ಶುಲ್ಕವೂ ಇಲ್ಲದಿದ್ದರೆ ಆ ಸಾಲವನ್ನು ಧಾರಾಳವಾಗಿ ತೆಗೆದುಕೊಳ್ಳಿ. ಆಗ ಠೇವಣಿಯ ಬಡ್ಡಿ ನಿಜಕ್ಕೂ ನಿಮ್ಮ ಲಾಭ.

ಲೀಸ್ ಬಗ್ಗೆ ನಿಮ್ಮ ಗೆಳತಿ ಹೇಳಿದ್ದನ್ನು ತಳ್ಳಿಹಾಕುವುದಿಲ್ಲ. ಅದರ ಕಂತು ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಅದು ಯಾರಿಗೆ ಹೊಂದುತ್ತದೆ ಎನ್ನುವುದೂ ತಿಳಿಯುತ್ತದೆ. ಲೀಸ್ ಕಂಪನಿ ಕಾರನ್ನು 10 ಲಕ್ಷಕ್ಕೆ ಕೊಳ್ಳುತ್ತದೆ. ಐದು ವರ್ಷದ ನಂತರ ಅದು 4 ಲಕ್ಷ ಬಾಳುತ್ತದೆ ಎಂದು ಅಂದಾಜು ಮಾಡುತ್ತದೆ. ಇಳಿಯುವ 6 ಲಕ್ಷವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000. ಇದರ ಜೊತೆಗೆ ಕಾರಿನಲ್ಲಿ ತೊಡಗಿಸಿದ ಹಣಕ್ಕೆ ಬಡ್ಡಿ ಬೇಕು. ಆ ಹಣ 10 ಲಕ್ಷದಿಂದ 4 ಲಕ್ಷಕ್ಕೆ ಇಳಿಯುವುದರಿಂದ ಸರಾಸರಿ 7 ಲಕ್ಷಕ್ಕೆ ಶೇ. 10ರಂತೆ ತಿಂಗಳಿಗೆ 5,833. ಎರಡೂ ಸೇರಿ ಕಂತು 15,833. ಮುಂಗಡವಿಲ್ಲ, ನಿಮ್ಮ 10 ಲಕ್ಷ ಹಾಗೇ ಉಳಿಯುತ್ತದೆ. ಆದರೆ ಐದು ವರ್ಷದ ಕೊನೆಗೆ ಕಾರನ್ನು ಹಿಂತಿರುಗಿಸಬೇಕು.

ಮೂರನ್ನೂ ಒಂದೇ ಅಳತೆಗೋಲಿನಲ್ಲಿ ಇಡೋಣ. ಮೂರೂ ಮನೆಯವರು ತಿಂಗಳಿಗೆ 15,833ನ್ನೇ ತೆಗೆದಿಡುತ್ತಾರೆ, ಕಂತಿಗೆ ಹೋಗದೆ ಉಳಿದದ್ದು ಶೇ. 6ರ ಠೇವಣಿಗೆ ಸೇರುತ್ತದೆ, ವಿಮೆ ಸರ್ವಿಸ್ ಎಲ್ಲರಿಗೂ ಒಂದೇ ಎಂದುಕೊಳ್ಳಿ. ಐದು ವರ್ಷದ ಕೊನೆಗೆ ನಗದು ಕೊಟ್ಟವರ ಬಳಿ ಠೇವಣಿ ಮತ್ತು 4 ಲಕ್ಷದ ಕಾರು ಸೇರಿ 15.05 ಲಕ್ಷ ಇರುತ್ತದೆ. 7 ಲಕ್ಷ ಸಾಲ ಮಾಡಿದವರ ಬಳಿ 14.11 ಲಕ್ಷ. ಲೀಸಿನವರ ಬಳಿ ಕಾರಿಲ್ಲ, ಠೇವಣಿ ಮಾತ್ರ, 13.49 ಲಕ್ಷ. ಕಾರನ್ನು ಐದು ವರ್ಷಕ್ಕೆ ಬಿಡದೆ ಎಂಟು ಹತ್ತು ವರ್ಷ ಓಡಿಸುವ ಮನೆಯಾದರೆ ಲೀಸ್ ಇನ್ನೂ ಹಿಂದೆ ಬೀಳುತ್ತದೆ, ಏಕೆಂದರೆ ಬೆಲೆ ಅತಿ ವೇಗವಾಗಿ ಇಳಿಯುವ ಮೊದಲ ವರ್ಷಗಳಿಗೇ ನೀವು ಮತ್ತೆ ಮತ್ತೆ ಹಣ ಕೊಡುತ್ತಿರುತ್ತೀರಿ.

ಲೀಸ್ ಕೊಡುವ ಒಂದು ನಿಜವಾದ ಅನುಕೂಲವೆಂದರೆ, ಐದು ವರ್ಷದ ನಂತರ ಕಾರು 4 ಲಕ್ಷ ಬಾಳದೆ ಎರಡೂವರೆ ಲಕ್ಷಕ್ಕೆ ಇಳಿದರೆ ಆ ನಷ್ಟ ಕಂಪನಿಯದು. ತಂತ್ರಜ್ಞಾನ ಬೇಗ ಬದಲಾಗುವ ವಿದ್ಯುತ್ ಕಾರುಗಳಲ್ಲಿ ಇದಕ್ಕೆ ಬೆಲೆಯಿದೆ. ಆದರೆ ಎಲ್ಲ ಕರಾರಿನಲ್ಲೂ ಹೀಗಿರುವುದಿಲ್ಲ. ಕೆಲವು ಕರಾರುಗಳಲ್ಲಿ ಅಂದಾಜಿಗಿಂತ ಕಡಿಮೆ ಬಂದರೆ ವ್ಯತ್ಯಾಸ ನೀವೇ ತುಂಬಬೇಕು ಎಂದಿರುತ್ತದೆ. ಅಂಥದ್ದಾದರೆ ಲೀಸಿನ ಮುಖ್ಯ ಗುಣವೇ ಹೋಯಿತು. ಉದ್ಯೋಗದಾತರ ಮೂಲಕ ತೆರಿಗೆ ಉಳಿಸುವ ಲೀಸ್ ಸಿಗುತ್ತಿದ್ದರೆ ಮೇಲಿನ ಲೆಕ್ಕ ಬದಲಾಗಬಹುದು. ನಿಮ್ಮ ಗೆಳತಿ ಹೇಳುತ್ತಿರುವುದು ಅದೇ ಆಗಿರಬಹುದು, ನಿಮ್ಮ ಸಂಬಳದ ವಿಭಾಗದಲ್ಲಿ ವಿಚಾರಿಸಿ. ಆಗಲೂ ಕೆಲಸ ಬಿಟ್ಟರೆ ಕಾರಿನ ಗತಿ ಏನು ಎಂಬ ಪ್ರಶ್ನೆಯನ್ನು ಬಿಡಬೇಡಿ.

ನಿಮ್ಮ ಮನೆಗೆ ಲೀಸ್ ಹೊಂದದು ಎನ್ನಲು ನನ್ನ ಮುಖ್ಯ ಕಾರಣ ಹಣದ ವ್ಯತ್ಯಾಸವಲ್ಲ, ನಿಮ್ಮ ಯಜಮಾನರ ವ್ಯಾಪಾರ. ಲೀಸಿನಲ್ಲಿ ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಎಂಬ ಮಿತಿ ಇರುತ್ತದೆ, ಮೀರಿದ ಪ್ರತಿ ಕಿಲೋಮೀಟರಿಗೂ ಕೊನೆಯಲ್ಲಿ ಬಿಲ್ ಬರುತ್ತದೆ. ವ್ಯಾಪಾರಕ್ಕೆಂದು ಓಡಾಡುವ ಕಾರು ಆ ಮಿತಿಯಲ್ಲಿ ನಿಲ್ಲುವುದು ಕಷ್ಟ. ಅದಕ್ಕಿಂತ ಮುಖ್ಯವಾದದ್ದು, ಆದಾಯ ಕುಸಿದಾಗ ಲೀಸಿನಿಂದ ಹೊರಬರುವ ಬಾಗಿಲು ಕಿರಿದು. ಸ್ವಂತ ಕಾರಾದರೆ ಮಾರಬಹುದು. ಲೀಸಿನ ಕಾರು ನಿಮ್ಮದಲ್ಲ, ಅವಧಿಗೆ ಮುಂಚೆ ಬಿಟ್ಟರೆ ಉಳಿದ ಕಂತುಗಳ ದೊಡ್ಡ ಪಾಲನ್ನು ದಂಡವಾಗಿ ಕೇಳುವ ಕರಾರುಗಳೇ ಹೆಚ್ಚು. ಹಣ ಇಲ್ಲದಾದಾಗಲೇ ಹೆಚ್ಚು ಹಣ ಕೇಳುವ ವ್ಯವಸ್ಥೆ ಏರಿಳಿತದ ಆದಾಯಕ್ಕೆ ಆಗಿಬರುವುದಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಿಬಿಡುತ್ತೇನೆ. ಮನೆಯ ಉಳಿತಾಯವೆಲ್ಲ ಸೇರಿ 10 ಲಕ್ಷ ಇರುವಾಗ 10 ಲಕ್ಷದ ಕಾರು ದೊಡ್ಡದಾಯಿತು. ಇದೇ ಕೆಲಸ ಮಾಡುವ, ಎರಡು ಮೂರು ವರ್ಷ ಓಡಿರುವ ಕಾರು 7 ಲಕ್ಷದೊಳಗೆ ಸಿಕ್ಕರೆ, ಪೂರ್ತಿ ನಗದು ಕೊಟ್ಟರೂ 3 ಲಕ್ಷ ಕೈಯಲ್ಲಿ ಉಳಿಯುತ್ತದೆ, ಸಾಲದ ಪ್ರಶ್ನೆಯೇ ಏಳುವುದಿಲ್ಲ. ನಂಬುವಂಥ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ ತೆಗೆದುಕೊಳ್ಳಬೇಕು, ಮೊದಲ ವರ್ಷದ ರಿಪೇರಿಗೆಂದು ಸ್ವಲ್ಪ ಹಣ ಬೇರೆ ಇಟ್ಟಿರಬೇಕು, ಅಷ್ಟೆ. ಮನೆಯವರೆಲ್ಲ ಕೂತು ಅದನ್ನೊಮ್ಮೆ ಯೋಚಿಸಿ.

ಹೊಸದೇ ಬೇಕು ಎಂದು ನಿರ್ಧರಿಸಿದರೆ 7 ಲಕ್ಷ ನಿಮ್ಮದು, 3 ಲಕ್ಷ ಸಾಲ. ಶೋರೂಮಿಗೆ ಹೋಗುವ ಮೊದಲು ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ 3 ಲಕ್ಷಕ್ಕೆ ಕಂತು ಎಷ್ಟು, ಶುಲ್ಕ ಎಷ್ಟು, ಮುಂಚೆ ತೀರಿಸಿದರೆ ದಂಡ ಎಷ್ಟು ಎಂದು ಬರೆಸಿಕೊಂಡು ಬನ್ನಿ. ಶೋರೂಮಿನಲ್ಲಿ ಮೊದಲು ಕಾರಿನ ಬೆಲೆ ಮಾತಾಡಿ ಮುಗಿಸಿ, ಅದು ಕಾಗದಕ್ಕೆ ಇಳಿದ ಮೇಲೆ ಮಾತ್ರ ಸಾಲದ ಮಾತೆತ್ತಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಬೆಲೆಯಲ್ಲಿ ಬಿಟ್ಟದ್ದನ್ನು ಬಡ್ಡಿಯಲ್ಲಿ ಹಿಂದಕ್ಕೆ ತೆಗೆದುಕೊಂಡದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಉಳಿದ 3 ಲಕ್ಷವನ್ನು ಒಂದೇ ಠೇವಣಿಯಾಗಿ ಇಡದೆ ಒಂದೊಂದು ಲಕ್ಷದ ಮೂರು ಠೇವಣಿ ಮಾಡಿಸಿ. ಅರ್ಜೆಂಟಿಗೆ ಒಂದನ್ನು ಮುರಿದರೆ ಉಳಿದೆರಡರ ಬಡ್ಡಿಗೆ ಧಕ್ಕೆಯಾಗುವುದಿಲ್ಲ.